ಜಿಡ್ಡಿನ ಬಾಣಲೆ, ಕುಕ್ಕರ್ ಡಿಶ್‌ವಾಷರ್‌ನಲ್ಲಿ ತೊಳೆಯೋದು ಹೇಗೆ: ಜೋಡಣೆ, ಪುಡಿಯ ಅಳತೆ, ನೀರಿನ ಬಿಸಿ

ಡಿಶ್‌ವಾಷರ್ ಒಳಗೆ ನಲ್ಲಿಯ ಹಾಗೆ ಹೊಸ ನೀರು ಸುರಿಯುತ್ತಲೇ ಇರುವುದಿಲ್ಲ. ಒಂದು ಪೂರ್ತಿ ಪ್ರೋಗ್ರಾಂಗೆ ಸುಮಾರು ಹತ್ತರಿಂದ ಹದಿನೈದು ಲೀಟರ್ ನೀರು ಸಾಕು. ಅದನ್ನೂ ಮಷೀನು ಮೂರು ನಾಲ್ಕು ಕಂತಿನಲ್ಲಿ ತೆಗೆದುಕೊಳ್ಳುತ್ತದೆ. ಅಂದರೆ ಮುಖ್ಯ ತೊಳೆತದ ಹೊತ್ತಿನಲ್ಲಿ ಒಳಗಿರುವುದು ಮೂರು ನಾಲ್ಕು ಲೀಟರ್ ಮಾತ್ರ. ಅದೇ ನೀರನ್ನು ಫಿಲ್ಟರ್ ಮೂಲಕ ಎಳೆದು, ಮತ್ತೆ ಮತ್ತೆ ಪಾತ್ರೆಗಳ ಮೇಲೆ ಚಿಮ್ಮಿಸುತ್ತದೆ.

ಇದೊಂದು ಗೊತ್ತಾದರೆ ಉಳಿದದ್ದೆಲ್ಲ ಸುಲಭ. ಬಾಣಲೆಯ ತಳದಲ್ಲಿ ಮೂರು ಚಮಚ ಎಣ್ಣೆ ಬಿಟ್ಟು ಒಳಗಿಟ್ಟರೆ, ಆ ಎಣ್ಣೆ ಬಾಣಲೆಯಲ್ಲೇ ಉಳಿಯುವುದಿಲ್ಲ. ಲೋಟ, ತಟ್ಟೆ, ಪ್ಲಾಸ್ಟಿಕ್ ಡಬ್ಬಿ ಎಲ್ಲದರ ಮೇಲೂ ಓಡಾಡುತ್ತದೆ. ಹಾಕಿದ ಪುಡಿಗೆ ಒಂದಿಷ್ಟು ಜಿಡ್ಡನ್ನು ಮಾತ್ರ ನೀರಿನಲ್ಲಿ ಹಿಡಿದಿಡುವ ಶಕ್ತಿ ಇರುತ್ತದೆ. ಅದಕ್ಕಿಂತ ಜಾಸ್ತಿಯಾದದ್ದು ಪ್ಲಾಸ್ಟಿಕ್ ಮೇಲೆ ಕೂರುತ್ತದೆ, ಫಿಲ್ಟರ್‌ಗೆ ಮೆತ್ತಿಕೊಳ್ಳುತ್ತದೆ. "ನಮ್ಮ ಅಡುಗೆಗೆ ಈ ಮಷೀನು ಆಗಲ್ಲ" ಅನ್ನುವ ದೂರು ಬಹಳಷ್ಟು ಸಲ ಇಲ್ಲಿಂದಲೇ ಹುಟ್ಟುತ್ತದೆ.

ಮೊದಲು ಒರೆಸಿ, ತೊಳೆಯಬೇಡಿ

ಎಣ್ಣೆ ಮತ್ತು ಅಗುಳು, ಇವೆರಡನ್ನೇ ಹೊರಗೆ ತೆಗೆಯಬೇಕು. ಮಿಕ್ಕಿದ್ದು ಮಷೀನಿನ ಕೆಲಸ.

ಉಳಿದ ಎಣ್ಣೆಯನ್ನು ಬೇರೆ ಪಾತ್ರೆಗೆ ಬಗ್ಗಿಸಿ. ಆಮೇಲೆ ಬಾಣಲೆ ಇನ್ನೂ ಉಗುರುಬೆಚ್ಚಗಿರುವಾಗಲೇ ಹಳೇ ಪೇಪರ್‌ನಿಂದ ಒಳಮೈಯನ್ನು ಒರೆಸಿ. ಉಳಿದ ಚಪಾತಿ ಚೂರಾದರೂ ಆದೀತು. ಬಾಣಲೆ ಮಿರುಗಿದರೆ ಪರವಾಗಿಲ್ಲ, ಓರೆ ಮಾಡಿದಾಗ ಎಣ್ಣೆ ಹರಿಯಬಾರದು, ಅಷ್ಟೆ. ಸಾಗು, ಪಲ್ಯ, ಗೊಜ್ಜಿನ ಪಾತ್ರೆಗಳನ್ನು ರಬ್ಬರ್ ಅಥವಾ ಸಿಲಿಕೋನ್ ಸಟ್ಟುಗದಿಂದ ಬಳಿದರೆ ಸಾಕು.

ನಲ್ಲಿ ಕೆಳಗೆ ಹಿಡಿದು ಪೂರ್ತಿ ತೊಳೆದು ಆಮೇಲೆ ಮಷೀನಿಗೆ ಇಡುವ ಅಭ್ಯಾಸ ಹಲವರಿಗಿದೆ. ಸುಮ್ನೆ ನೀರು ದಂಡ. ಆಟೋ ಪ್ರೋಗ್ರಾಂ ಇರುವ ಮಷೀನುಗಳಿಗೆ ಅದರಿಂದ ಇನ್ನೊಂದು ತೊಂದರೆಯೂ ಇದೆ. ಅವು ನೀರು ಎಷ್ಟು ಕದಡಿದೆ ಅಂತ ಸೆನ್ಸರ್‌ನಿಂದ ನೋಡಿ ಬಿಸಿ ಮತ್ತು ಸಮಯವನ್ನು ತೀರ್ಮಾನಿಸುತ್ತವೆ. ಮೇಲಿನ ಕೊಳೆ ಹೋಗಿ ಜಿಡ್ಡು ಮಾತ್ರ ಉಳಿದಿದ್ದರೆ, "ಪಾತ್ರೆ ಹೆಚ್ಚು ಕೊಳೆಯಾಗಿಲ್ಲ" ಅಂತ ತಿಳಿದು ಬೇಗ ಮುಗಿಸಿಬಿಡುತ್ತವೆ.

ನೆನೆಸಬೇಕಾದವು ಮೂರೇ: ಮುದ್ದೆ ಮಾಡಿದ ಪಾತ್ರೆ, ತಳ ಹಿಡಿದ ಹಾಲಿನ ಪಾತ್ರೆ, ಅನ್ನ ಒಣಗಿ ಅಂಟಿದ ಕುಕ್ಕರ್. ಅರ್ಧ ಗಂಟೆ ನೀರು ಹಾಕಿಟ್ಟು, ಸಟ್ಟುಗದಿಂದ ಬಿಡಿಸಿ, ಆ ನೀರು ಚೆಲ್ಲಿ ಇಡಿ.

ಒಗ್ಗರಣೆಯ ಸಾಸಿವೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೀರು ಚಿಮ್ಮುವ ಸ್ಪ್ರೇ ಆರ್ಮ್‌ನ ತೂತುಗಳು ಸಣ್ಣವು. ಫಿಲ್ಟರ್ ಸರಿಯಾಗಿ ಕೂತಿರದಿದ್ದರೆ ಸಾಸಿವೆ ಕಾಳು, ಕರಿಬೇವಿನ ಚೂರು, ಕಾಯಿತುರಿ ಅಲ್ಲಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ಎರಡು ತೂತು ಮುಚ್ಚಿದರೂ ರ್‍ಯಾಕಿನ ಒಂದು ಭಾಗದ ಪಾತ್ರೆಗಳು ಪ್ರತಿ ಸಲ ಕೊಳೆಯಾಗಿಯೇ ಹೊರಬರುತ್ತವೆ. ಒಗ್ಗರಣೆ ಸೌಟನ್ನು ಕಸದ ಬುಟ್ಟಿಯ ಮೇಲೆ ಒಮ್ಮೆ ತಟ್ಟಿದರೆ ಈ ತಾಪತ್ರಯ ಇರುವುದಿಲ್ಲ.

ಯಾವುದನ್ನು ಒಳಗಿಡಬಾರದು

ಸ್ಟೀಲ್ ಪಾತ್ರೆ ನಿಶ್ಚಿಂತೆಯಿಂದ ಇಡಬಹುದು. ಅಲ್ಯೂಮಿನಿಯಂ ಮತ್ತು ಹಿಂಡಾಲಿಯಂ ಬೇಡ. ಡಿಶ್‌ವಾಷರ್ ಪುಡಿ ಕ್ಷಾರ. ಅದು ಬಿಸಿ ನೀರಿನ ಜೊತೆ ಸೇರಿದರೆ ಅಲ್ಯೂಮಿನಿಯಂ ಒಂದೇ ತೊಳೆತಕ್ಕೆ ಬೂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಬಹುದು. ಹಳೆಯ ಕುಕ್ಕರ್‌ಗಳಲ್ಲಿ ಹೆಚ್ಚಿನವು ಅಲ್ಯೂಮಿನಿಯಂ. ಆದ್ದರಿಂದ ಮೊದಲು ತಳ ನೋಡಿಕೊಳ್ಳಿ. ಟ್ರೈಪ್ಲೈ ಸ್ಟೀಲ್ ಬಾಣಲೆಯನ್ನು ಇಡಬಹುದು, ಆದರೆ ಎರಡು ಸ್ಟೀಲ್ ಪದರಗಳ ನಡುವಿನ ಅಲ್ಯೂಮಿನಿಯಂ ಅಂಚಿನಲ್ಲಿ ಕಾಣುವಂತಿದ್ದರೆ ಆ ಗೆರೆ ನಿಧಾನಕ್ಕೆ ಮಂಕಾಗುತ್ತದೆ.

ಕಬ್ಬಿಣದ ದೋಸೆ ಹೆಂಚು, ಬಾಣಲೆ ಖಂಡಿತ ಬೇಡ. ವರ್ಷಗಟ್ಟಲೆ ಪಳಗಿದ ಎಣ್ಣೆಯ ಪದರವನ್ನು ಕ್ಷಾರ ಕಿತ್ತುಹಾಕುತ್ತದೆ, ಹೆಂಚು ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಚುಕ್ಕೆ ಪಕ್ಕದ ಸ್ಟೀಲ್ ಚಮಚಗಳ ಮೇಲೂ ಕೂರುತ್ತದೆ. ಹಿತ್ತಾಳೆ, ತಾಮ್ರ, ಬೆಳ್ಳಿ, ಕಲ್ಲಿನ ಚಟ್ಟಿ, ಮಣ್ಣಿನ ಪಾತ್ರೆ, ಮರದ ಸೌಟು ಎಲ್ಲ ಕೈಯಲ್ಲೇ. ನಾನ್‌ಸ್ಟಿಕ್ ಬಗ್ಗೆ ಆ ಪಾತ್ರೆಯ ಡಬ್ಬಿಯ ಮೇಲೆ ಏನಿದೆ ನೋಡಿ. ನನ್ನ ಅಭಿಪ್ರಾಯದಲ್ಲಿ ಅದನ್ನು ಕೈಯಲ್ಲಿ ತೊಳೆಯೋದು ಒಂದು ನಿಮಿಷದ ಕೆಲಸ, ಮಷೀನಿಗೆ ಹಾಕುವ ಅಗತ್ಯವೇ ಇಲ್ಲ.

ಮಿಕ್ಸಿ ಜಾರಿನ ಮುಚ್ಚಳ ಮೇಲಿನ ರ್‍ಯಾಕಿಗೆ ಸರಿ. ಜಾರ್ ಮಾತ್ರ, ತಯಾರಕರು ಹಾಕಬಹುದು ಅಂದಿಲ್ಲದಿದ್ದರೆ, ಬೇಡ. ಬ್ಲೇಡಿನ ಕೆಳಗಿನ ಭಾಗಕ್ಕೆ ಬಿಸಿ ಕ್ಷಾರದ ನೀರು ಇಳಿದರೆ ಅಲ್ಲಿನ ಗ್ರೀಸ್ ಹೋಗಿ ಬ್ಲೇಡು ಬಿಗಿಯಾಗುತ್ತದೆ, ಸೋರಲೂ ಶುರುವಾಗಬಹುದು. ಸ್ಟೀಲ್ ಕುಕ್ಕರಿನ ಮುಚ್ಚಳ ಇಡುವುದಾದರೆ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆದು ಕೈಯಲ್ಲಿ ತೊಳೆಯಿರಿ.

ಜೋಡಿಸುವುದು

ನೀರು ಕೆಳಗಿನಿಂದ ಮೇಲಕ್ಕೆ ಚಿಮ್ಮುತ್ತದೆ, ಮತ್ತು ಕೆಳಗಿನ ರ್‍ಯಾಕಿನಲ್ಲಿ ಅದರ ಹೊಡೆತ ಜಾಸ್ತಿ. ಹಾಗಾಗಿ ಬಾಣಲೆ, ಕುಕ್ಕರ್, ಸಾರಿನ ಪಾತ್ರೆ ಕೆಳಗೆ, ಕೊಳೆಯ ಮುಖ ಕೆಳಕ್ಕೆ. ಲೋಟ, ಬಟ್ಟಲು, ಪ್ಲಾಸ್ಟಿಕ್ ಮೇಲೆ.

ಬಾಣಲೆಯನ್ನು ಪೂರ್ತಿ ಬೋರಲು ಹಾಕಬೇಡಿ. ಸ್ವಲ್ಪ ಓರೆಯಾಗಿರಲಿ. ಆಗ ಒಳಗೆ ಹೊಡೆದ ನೀರು ಒಂದು ಕಡೆಯಿಂದ ಇಳಿದುಹೋಗುತ್ತದೆ, ತಳದ ಹೊರಭಾಗದಲ್ಲೂ ನೀರು ನಿಲ್ಲುವುದಿಲ್ಲ. ಕೆಳಗಿನ ರ್‍ಯಾಕಿನ ಕಡ್ಡಿಗಳು ಮಡಚುವಂತಿದ್ದರೆ ಒಂದು ಭಾಗವನ್ನು ಮಡಚಿ ದೊಡ್ಡ ಪಾತ್ರೆಗೆ ಜಾಗ ಮಾಡಿ. ದೊಡ್ಡವು ಅಕ್ಕಪಕ್ಕದ ಮೂಲೆಗಳಲ್ಲಿರಲಿ. ನಡುವಿನಲ್ಲಿ ಒಂದು ಅಗಲದ ಪಾತ್ರೆಯನ್ನು ಚಪ್ಪಟೆಯಾಗಿ ಕವುಚಿಟ್ಟರೆ, ಮೇಲಿನ ರ್‍ಯಾಕಿಗೆ ಹೋಗಬೇಕಾದ ನೀರಿಗೆ ಅದು ಛತ್ರಿಯಾಗುತ್ತದೆ.

ನಮ್ಮ ಸ್ಟೀಲ್ ತಟ್ಟೆಗಳಿಗೆ ಅಂಚು ಎತ್ತರ. ಪಿಂಗಾಣಿ ತಟ್ಟೆಗೆಂದು ಮಾಡಿದ ಕಡ್ಡಿಗಳಲ್ಲಿ ಸಾಲಾಗಿ ಇಟ್ಟರೆ ಒಂದರ ಅಂಚು ಇನ್ನೊಂದರ ಹೊಟ್ಟೆಗೆ ತಾಗುತ್ತದೆ. ಒಂದು ಕಡ್ಡಿ ಬಿಟ್ಟು ಒಂದರಲ್ಲಿ ಇಡಿ. ಎರಡು ತಟ್ಟೆ ಕಡಿಮೆ ಹಿಡಿಯುತ್ತದೆ, ಆದರೆ ಹಿಡಿದವು ಸ್ವಚ್ಛವಾಗುತ್ತವೆ. ಬಟ್ಟಲುಗಳದ್ದೂ ಇದೇ ಕಥೆ: ಒಂದರೊಳಗೊಂದು ಕೂತರೆ ಒಳಗಿನದಕ್ಕೆ ನೀರೇ ಸಿಗುವುದಿಲ್ಲ. ಇಡ್ಲಿ ತಟ್ಟೆಗಳನ್ನು ಸ್ಟ್ಯಾಂಡಿನಿಂದ ಬಿಡಿಸಿ ನಿಲ್ಲಿಸಿ.

ಸೌಟುಗಳನ್ನು ಮೇಲಿನ ರ್‍ಯಾಕಿನಲ್ಲಿ ಕವುಚಿ ಮಲಗಿಸಿ. ಬುಟ್ಟಿಯಲ್ಲಿ ನಿಲ್ಲಿಸಿದ ಉದ್ದ ಸೌಟು ಮೇಲಿನ ಸ್ಪ್ರೇ ಆರ್ಮ್‌ಗೆ ತಗಲುತ್ತದೆ. ಚಾಕುವಿನ ಮೊನೆ ಕೆಳಗಿರಲಿ.

ಬಾಗಿಲು ಮುಚ್ಚುವ ಮುಂಚೆ ಎರಡು ಪರೀಕ್ಷೆ ಮಾಡಿ. ಎರಡೂ ಸ್ಪ್ರೇ ಆರ್ಮ್‌ಗಳನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗಬಾರದು. ಬಾಗಿಲಿನಲ್ಲಿರುವ ಪುಡಿಯ ಡಬ್ಬಿಯ ಮುಚ್ಚಳ ತೆರೆದುಕೊಳ್ಳಲು ಎದುರಿಗೆ ಜಾಗ ಇದೆಯಾ ನೋಡಿ. ಅಗಲದ ತಟ್ಟೆಯೊಂದು ಅಡ್ಡ ಬಂದರೆ ಮುಚ್ಚಳ ಅರ್ಧ ತೆರೆದು ಪುಡಿ ಅಲ್ಲೇ ಗಟ್ಟಿಯಾಗುತ್ತದೆ.

ಉಪ್ಪು: ಜಿಡ್ಡಿಗೂ ಇದಕ್ಕೂ ಏನು ಸಂಬಂಧ?

ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದನ್ನು ಬಿಡುವ ಹಾಗಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಪುಡಿಯ ಶಕ್ತಿಯನ್ನು ತಿನ್ನುತ್ತದೆ. ಜೊತೆಗೆ, ಕ್ಷಾರ ಮತ್ತು ಎಣ್ಣೆ ಸೇರಿ ಒಂದಿಷ್ಟು ಸಾಬೂನು ಆಗುತ್ತದಲ್ವಾ, ಅದು ಕ್ಯಾಲ್ಸಿಯಂ ಜೊತೆ ಕೂಡಿ ಅಂಟಂಟು ಬಿಳಿ ಪದರವಾಗುತ್ತದೆ. ಬಚ್ಚಲಿನ ಬಕೆಟ್ಟಿಗೆ ಹಿಡಿಯುತ್ತದಲ್ಲ, ಅದೇ ಪದರ.

ಮಷೀನಿನ ತಳದಲ್ಲಿ ನೀರನ್ನು ಮೆದುಮಾಡುವ ಭಾಗ ಇರುತ್ತದೆ, ಅದು ಕೆಲಸ ಮಾಡಲು ಡಿಶ್‌ವಾಷರ್ ಉಪ್ಪು ಬೇಕು. ಅಡುಗೆ ಉಪ್ಪು ಹಾಕಬೇಡಿ. ಅದರಲ್ಲಿ ಬೇರೆ ಪದಾರ್ಥಗಳು ಸೇರಿರುತ್ತವೆ, ಹರಳೂ ಸಣ್ಣದು. ಮೊದಲ ಸಲ ಮಾತ್ರ ಉಪ್ಪಿನ ತೊಟ್ಟಿಗೆ ನೀರು ತುಂಬಿ ಆಮೇಲೆ ಉಪ್ಪು ಸುರಿಯಿರಿ. ಆಮೇಲೆ ದೀಪ ಹತ್ತಿದಾಗ ಉಪ್ಪಷ್ಟೇ. ಉಪ್ಪು ತುಂಬಿದ ಕೂಡಲೇ ಒಂದು ಪ್ರೋಗ್ರಾಂ ಓಡಿಸಿ. ಹೊರಗೆ ಚೆಲ್ಲಿದ ಉಪ್ಪುನೀರು ಹಾಗೇ ನಿಂತರೆ ಸ್ಟೀಲ್ ಮೈಗೆ ತುಕ್ಕಿನ ಚುಕ್ಕೆ ಬೀಳುತ್ತದೆ.

ಉಪ್ಪು ಹಾಕಿದರೆ ಮುಗಿಯಲಿಲ್ಲ, ನೀರು ಎಷ್ಟು ಗಡಸು ಅಂತ ಮಷೀನಿಗೆ ಹೇಳಬೇಕು. ಅಳೆಯಲು ನೀರಿನಲ್ಲಿ ಅದ್ದುವ ಗಡಸುತನದ ಪಟ್ಟಿ ಸಿಗುತ್ತದೆ. ಟಿಡಿಎಸ್ ಮೀಟರ್ ಇದಕ್ಕೆ ಆಗುವುದಿಲ್ಲ, ಅದು ಕರಗಿದ ಎಲ್ಲ ಲವಣಗಳನ್ನೂ ಒಟ್ಟಿಗೆ ಲೆಕ್ಕ ಹಾಕುತ್ತದೆ. ಪಟ್ಟಿ 350 ಪಿಪಿಎಂ ತೋರಿಸಿತು ಅನ್ನಿ. ಕೈಪಿಡಿಯಲ್ಲಿ ಜರ್ಮನ್ ಡಿಗ್ರಿ ಇದ್ದರೆ 17.8ರಿಂದ ಭಾಗಿಸಿ: ಸುಮಾರು 20 ಡಿಗ್ರಿ. ಕೈಪಿಡಿಯ ಕೋಷ್ಟಕದಲ್ಲಿ 20ಕ್ಕೆ ಎದುರಿಗೆ ಯಾವ ಸಂಖ್ಯೆ ಇದೆಯೋ ಅದನ್ನು ಸೆಟ್ ಮಾಡಿ. ಕಾವೇರಿ ನೀರು ಬರುವಾಗ ಒಂದು, ಟ್ಯಾಂಕರ್ ಬರುವಾಗ ಇನ್ನೊಂದು ಅನ್ನುವ ಪರಿಸ್ಥಿತಿ ಇದ್ದರೆ, ಗಡಸು ನೀರಿನ ಲೆಕ್ಕಕ್ಕೇ ಇಟ್ಟುಬಿಡಿ. ಉಪ್ಪು ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ, ಅಷ್ಟೆ.

ಪುಡಿ ಎಷ್ಟು?

ಜಿಡ್ಡಿನ ಪಾತ್ರೆಗೆ ನಾನು ಮಾತ್ರೆಗಿಂತ ಪುಡಿಯನ್ನೇ ಆರಿಸುತ್ತೇನೆ. ಮಾತ್ರೆಯಲ್ಲಿ ಅಳತೆ ನಮ್ಮ ಕೈಲಿಲ್ಲ. ಚಿಕ್ಕ ಪ್ರೋಗ್ರಾಂನಲ್ಲಿ ಅದು ಪೂರ್ತಿ ಕರಗದೇ ಉಳಿಯುವುದೂ ಉಂಟು.

ಪುಡಿಯ ಡಬ್ಬಿಯೊಳಗೆ ಸಾಮಾನ್ಯವಾಗಿ 15 ಮತ್ತು 25 ಮಿಲಿಯ ಗೆರೆಗಳಿರುತ್ತವೆ. ತಿಂಡಿ ತಟ್ಟೆ, ಕಾಫಿ ಲೋಟಗಳಿಗೆ 15 ಸಾಕು. ಬಾಣಲೆ, ಕುಕ್ಕರ್ ಇರುವ ಪೂರ್ತಿ ಲೋಡಿಗೆ 25, ಅಂದರೆ ಸುಮಾರು ಐದು ಟೀ ಚಮಚ. ತುಂಬಾ ಜಿಡ್ಡಿದ್ದು, ಪ್ರೋಗ್ರಾಂನಲ್ಲಿ ಮೊದಲ ತೊಳೆತದ ಹಂತವೂ ಇದ್ದರೆ, ಇನ್ನೊಂದು ಟೀ ಚಮಚವನ್ನು ಡಬ್ಬಿಯ ಹೊರಗೆ, ಬಾಗಿಲಿನ ಒಳಮೈ ಮೇಲೆ ಉದುರಿಸಿ. ಅದು ಮೊದಲ ನೀರಿನಲ್ಲೇ ಕರಗಿ ಮೇಲಿನ ಜಿಡ್ಡನ್ನು ಬಿಡಿಸಿ ಹೊರಗೆ ಕಳಿಸುತ್ತದೆ. ಡಬ್ಬಿಯೊಳಗಿನ 25 ಎರಡನೇ, ಹೊಸ ನೀರಿಗೆ ಸಿಗುತ್ತದೆ. ಒಂದೇ ಕಡೆ 30 ತುಂಬುವುದಕ್ಕಿಂತ ಹೀಗೆ ಹಂಚುವುದು ಎಷ್ಟೋ ವಾಸಿ. ನಿಮ್ಮ ಪುಡಿಯ ಪೊಟ್ಟಣದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ.

ಡಬ್ಬಿ ಒಣಗಿರಲಿ. ಒದ್ದೆಯಿದ್ದರೆ ಪುಡಿ ಕಲ್ಲಾಗುತ್ತದೆ. ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಒಂದು ಹನಿಯೂ ಹಾಕಬೇಡಿ. ಅದರ ನೊರೆಯಿಂದ ಪಂಪಿಗೆ ನೀರು ಸಿಗದೆ ತೊಳೆತ ನಿಂತೇ ಹೋಗುತ್ತದೆ, ಕೆಲವೊಮ್ಮೆ ನೊರೆ ಬಾಗಿಲಿನಿಂದ ಹೊರಗೂ ಬರುತ್ತದೆ. ರಿನ್ಸ್ ಏಡ್ ಬೇರೆ ಡಬ್ಬಿಗೆ. ಅದು ಜಿಡ್ಡು ತೆಗೆಯುವುದಿಲ್ಲ, ಕೊನೆಯ ನೀರು ಹನಿಗಟ್ಟದೆ ಜಾರಿಹೋಗುವಂತೆ ಮಾಡುತ್ತದೆ.

ಎಷ್ಟು ಬಿಸಿ, ಯಾವ ಪ್ರೋಗ್ರಾಂ

ತುಪ್ಪ, ಡಾಲ್ಡಾ, ಕೊಬ್ಬರಿ ಎಣ್ಣೆ ಎಲ್ಲ 40 ಡಿಗ್ರಿ ದಾಟುವಷ್ಟರಲ್ಲಿ ಕರಗಿರುತ್ತವೆ. ಹಾಗಾದರೆ ಬಾಣಲೆಗೆ 70 ಡಿಗ್ರಿಯ ಪ್ರೋಗ್ರಾಂ ಯಾಕೆ? ಕರಗುವುದು ಬೇರೆ, ಬಿಡುವುದು ಬೇರೆ. ಮಸಾಲೆಯ ಜೊತೆ ಒಣಗಿ ಅಂಟಿದ ಜಿಡ್ಡು ಸಡಿಲವಾಗಲು, ಕ್ಷಾರ ಚುರುಕಾಗಲು ಹೆಚ್ಚು ಬಿಸಿ ಬೇಕು.

ಪುಡಿಯಲ್ಲಿ ಕಿಣ್ವಗಳೂ ಇರುತ್ತವೆ. ಅನ್ನ, ರಾಗಿಯ ಗಂಜಿಯನ್ನು ಒಡೆಯುವುದು ಒಂದು, ಬೇಳೆ, ಹಾಲಿನ ಪ್ರೋಟೀನನ್ನು ಒಡೆಯುವುದು ಇನ್ನೊಂದು. ಅವಕ್ಕೆ 50ರಿಂದ 60ರ ಆಸುಪಾಸು ಹಿತ. 70ಕ್ಕೆ ಅವು ಸೊರಗುತ್ತವೆ. ಆದರೆ ಮಷೀನು ತಣ್ಣೀರು ತೆಗೆದುಕೊಂಡು ನಿಧಾನಕ್ಕೆ ಕಾಯಿಸುತ್ತದೆ. ಹಾಗಾಗಿ ಬಿಸಿ ಏರುವ ದಾರಿಯಲ್ಲಿ ಕಿಣ್ವಗಳು ತಮ್ಮ ಕೆಲಸ ಮುಗಿಸುತ್ತವೆ, ಮೇಲಿನ ಬಿಸಿಯಲ್ಲಿ ಜಿಡ್ಡಿನ ಕೆಲಸ ಆಗುತ್ತದೆ. ಇದೇ ಕಾರಣಕ್ಕೆ ಸೋಲಾರ್ ಬಿಸಿನೀರಿನ ಪೈಪನ್ನು ಮಷೀನಿಗೆ ಜೋಡಿಸುವ ಆಸೆಯನ್ನು ಬಿಡುವುದು ಒಳ್ಳೆಯದು. ಬಿಸಿನೀರು ಕೊಡಬಹುದಾದ ಮಷೀನುಗಳಿಗೂ ಸಾಮಾನ್ಯವಾಗಿ 60 ಡಿಗ್ರಿಯ ಮಿತಿ ಇರುತ್ತದೆ. ಬೇಸಿಗೆಯ ಮಧ್ಯಾಹ್ನ ಸೋಲಾರ್ ನೀರು ಅದನ್ನು ಸುಲಭವಾಗಿ ದಾಟುತ್ತದೆ. ಮೊದಲ ನೀರೇ ಅಷ್ಟು ಬಿಸಿ ಇದ್ದರೆ ಹಾಲು, ಮೊಟ್ಟೆಯ ಅಂಶ ಪಾತ್ರೆಗೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ.

ಪ್ರೋಗ್ರಾಂ ಆರಿಸುವುದು ಹೀಗೆ. ಬಾಣಲೆ, ಕುಕ್ಕರ್ ಇದ್ದರೆ ಇಂಟೆನ್ಸಿವ್, 70 ಡಿಗ್ರಿ. ಭಾರತದಲ್ಲಿ ಮಾರುವ ಕೆಲವು ಮಷೀನುಗಳಲ್ಲಿ ಇದಕ್ಕೆ ಕಡಾಯಿ ಅಂತಲೇ ಹೆಸರಿದೆ. ಊಟದ ತಟ್ಟೆ, ಒರೆಸಿದ ಪಲ್ಯದ ಪಾತ್ರೆಗಳಷ್ಟೇ ಇದ್ದರೆ ಆಟೋ ಸಾಕು. ಇಕೋ 50 ಡಿಗ್ರಿಯ ಆಸುಪಾಸಿನಲ್ಲಿ ಮೂರು ನಾಲ್ಕು ಗಂಟೆ ಓಡುತ್ತದೆ. ಸಮಯ ಹೆಚ್ಚಾದರೂ ಕರೆಂಟು ಕಡಿಮೆ, ಸುಮಾರು ಒಂದು ಯೂನಿಟ್. ಚೆನ್ನಾಗಿ ಒರೆಸಿದ, ಒಣಗಿರದ ಪಾತ್ರೆಗಳನ್ನು ರಾತ್ರಿ ಇಕೋಗೆ ಹಾಕಿ ಮಲಗಬಹುದು. ಅರ್ಧ ಗಂಟೆಯ ಕ್ವಿಕ್ ಇರುವುದು ಕಾಫಿ ಲೋಟಗಳಿಗೆ, ಬಾಣಲೆಗಲ್ಲ.

ಒಂದು ಭಾನುವಾರದ ಲೋಡು

ನಾಲ್ಕು ಜನರ ಮನೆ. ಬೆಳಿಗ್ಗೆ ಪೂರಿ, ಸಾಗು. ಮಧ್ಯಾಹ್ನ ಬಿಸಿಬೇಳೆ ಬಾತ್. ಮಷೀನು 13 ಪ್ಲೇಸ್ ಸೆಟ್ಟಿಂಗಿನದು, ಅಂದರೆ 13 ಜನರ ಊಟದ ಪಾತ್ರೆ ಹಿಡಿಯುವಂಥದ್ದು.

ಪೂರಿ ಕರಿದ ಸ್ಟೀಲ್ ಬಾಣಲೆಯ ಎಣ್ಣೆ ಬಗ್ಗಿಸಿ ಪೇಪರ್‌ನಿಂದ ಒರೆಸಿ, ಕೆಳಗಿನ ರ್‍ಯಾಕಿನ ಹಿಂದಿನ ಎಡ ಮೂಲೆಗೆ ಓರೆಯಾಗಿ. ಬಿಸಿಬೇಳೆ ಬಾತಿನ ಐದು ಲೀಟರ್ ಸ್ಟೀಲ್ ಕುಕ್ಕರ್ ಅರ್ಧ ಗಂಟೆ ನೆನೆದು, ಅಗುಳು ಬಿಡಿಸಿಕೊಂಡು ಬಲ ಮೂಲೆಗೆ. ಸಾಗುವಿನ ಪಾತ್ರೆ ಬಳಿದು ಅದರ ಮುಂದೆ. ಎಡಗಡೆ ಮುಂದೆ ಎಂಟು ತಟ್ಟೆ, ಒಂದು ಕಡ್ಡಿ ಬಿಟ್ಟು ಒಂದರಲ್ಲಿ. ಮೇಲೆ ಲೋಟ, ಬಟ್ಟಲು, ಚಟ್ನಿ ಡಬ್ಬಿ. ಜಾಲರಿ ಸೌಟು ಮತ್ತು ತಟ್ಟಿದ ಒಗ್ಗರಣೆ ಸೌಟು ಮಲಗಿಕೊಂಡು. ಕುಕ್ಕರ್ ಎತ್ತರವಿರುವುದರಿಂದ ಮೇಲಿನ ರ್‍ಯಾಕನ್ನು ಒಂದು ಹಂತ ಏರಿಸಬೇಕು. ಚಪಾತಿ ಮಣೆ, ಗ್ಯಾಸ್ಕೆಟ್, ವಿಷಲ್, ಮಿಕ್ಸಿ ಜಾರ್ ಸಿಂಕಿನಲ್ಲಿ.

ಪುಡಿ 25, ಬಾಗಿಲ ಮೇಲೆ ಒಂದು ಟೀ ಚಮಚ. ಇಂಟೆನ್ಸಿವ್ 70. ಸುಮಾರು ಎರಡು ಎರಡೂವರೆ ಗಂಟೆ. ಮುಗಿದ ಮೇಲೆ ಬಾಗಿಲನ್ನು ಸ್ವಲ್ಪ ಓರೆ ಮಾಡಿ ಹದಿನೈದು ನಿಮಿಷ ಬಿಟ್ಟು, ಕೆಳಗಿನ ರ್‍ಯಾಕ್ ಮೊದಲು ಖಾಲಿ ಮಾಡಿ. ಮೇಲಿನದನ್ನು ಮೊದಲು ಎಳೆದರೆ ಲೋಟದ ತಳದಲ್ಲಿ ನಿಂತ ನೀರು ಒಣಗಿದ ತಟ್ಟೆಗಳ ಮೇಲೆ ಬೀಳುತ್ತದೆ.

ಬಾಣಲೆಯ ಅಂಚಿನಲ್ಲಿ ಕಂದು ಬಣ್ಣದ, ಉಗುರಿಗೂ ಬಾರದ ಪದರ ಉಳಿದಿರಬಹುದು. ಅದು ಈವತ್ತಿನ ಎಣ್ಣೆಯಲ್ಲ. ಮತ್ತೆ ಮತ್ತೆ ಕಾದು ವಾರ್ನಿಷ್‌ನಂತೆ ಗಟ್ಟಿಯಾದ ಹಳೇ ಎಣ್ಣೆ. ಯಾವ ಪ್ರೋಗ್ರಾಂಗೂ ಅದು ಜಗ್ಗುವುದಿಲ್ಲ. ಅಡುಗೆ ಸೋಡಾವನ್ನು ಸ್ವಲ್ಪ ನೀರಿನಲ್ಲಿ ಕಲಸಿ ಹಚ್ಚಿ, ಸ್ಟೀಲ್ ನಾರಿನಿಂದ ಕೈಯಲ್ಲೇ ಉಜ್ಜಬೇಕು.

ಸರಿ ಹೋಗದಿದ್ದಾಗ

ಲೋಟದ ಮೇಲೆ ಬಿಳಿ ಮಂಜು ಕಂಡರೆ ಒಂದು ಮೂಲೆಗೆ ವಿನೆಗರ್ ಹಚ್ಚಿ ಉಜ್ಜಿ. ಹೋದರೆ ಅದು ಗಡಸು ನೀರಿನದು: ಉಪ್ಪು, ಸೆಟ್ಟಿಂಗ್, ರಿನ್ಸ್ ಏಡ್ ನೋಡಿ. ಗಾಜಿನದಾಗಿದ್ದು ಹೋಗದಿದ್ದರೆ ಗಾಜೇ ಸವೆದಿದೆ. ಮೆದು ನೀರಿಗೆ ಪುಡಿ ಮತ್ತು ಬಿಸಿ ಜಾಸ್ತಿಯಾದರೆ ಹೀಗಾಗುತ್ತದೆ, ಅದು ವಾಪಸ್ ಬರುವುದಿಲ್ಲ. ಮಂಜು ಬೆರಳಿಗೆ ಜಾರಿದರೆ ಅದು ಜಿಡ್ಡು: ಎಣ್ಣೆ ಒರೆಸಿಲ್ಲ, ಪುಡಿ ಕಡಿಮೆ, ಅಥವಾ ಬಿಸಿ ಸಾಲದು. ಈ ಮೂರರಲ್ಲಿ ಒಂದೊಂದನ್ನೇ ಬದಲಾಯಿಸಿ ನೋಡಿ.

ಪ್ಲಾಸ್ಟಿಕ್ ಡಬ್ಬಿ ಅರಿಶಿನಕ್ಕೆ ಹಳದಿಯಾಗಿದ್ದರೆ ಪುಡಿ ಹೆಚ್ಚಿಸಿ ಪ್ರಯೋಜನವಿಲ್ಲ. ತೊಳೆದ ಮೇಲೆ ಒಂದೆರಡು ದಿನ ಬಿಸಿಲಿಗಿಡಿ, ಬಣ್ಣ ತಾನಾಗಿ ಇಳಿಯುತ್ತದೆ.

ಬಾಗಿಲು ತೆಗೆದಾಗ ಕಮಟು ವಾಸನೆ ಬಂದರೆ ಫಿಲ್ಟರ್ ನೋಡಿ. ನಮ್ಮ ಅಡುಗೆಗೆ ವಾರಕ್ಕೊಮ್ಮೆಯಾದರೂ ಅದನ್ನು ತಿರುಗಿಸಿ ಹೊರತೆಗೆದು, ಬಿಸಿನೀರು ಮತ್ತು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಬೇಕು. ಇದನ್ನು ತೊಳೆಯಲು ಪಾತ್ರೆ ಲಿಕ್ವಿಡ್ ಬಳಸಬಹುದು, ಆದರೆ ನೊರೆ ಪೂರ್ತಿ ಹೋಗಬೇಕು. ವಾಪಸ್ ಹಾಕುವಾಗ ಬಿಗಿಯಾಗಿ ತಿರುಗಿಸಿ. ಸಡಿಲವಿದ್ದರೆ ಆ ಸಾಸಿವೆ ಕಾಳುಗಳಿಗೆ ದಾರಿ ಅಲ್ಲೇ. ತಿಂಗಳಿಗೊಮ್ಮೆ ಪಾತ್ರೆಯಿಲ್ಲದೆ, ಮಷೀನ್ ಕ್ಲೀನರ್ ಹಾಕಿ 70 ಡಿಗ್ರಿಗೆ ಓಡಿಸಿದರೆ ಪೈಪಿನೊಳಗೆ ಹೆಪ್ಪುಗಟ್ಟಿದ ಜಿಡ್ಡೂ ಕರಗಿ ಹೋಗುತ್ತದೆ. ಆ ದಿನ ಪುಡಿ ಹಾಕಬೇಡಿ. ಕ್ಲೀನರ್ ಆಮ್ಲವಾಗಿದ್ದರೆ ಪುಡಿಯ ಕ್ಷಾರ ಅದನ್ನು ಕೊಂದುಹಾಕುತ್ತದೆ, ಎರಡೂ ದಂಡ.